ಕತ್ತರಿ ಸೋಕದ ಫ್ರಾಕು

ಕಲ್ಯಾಣದುರ್ಗದ ಬನಶಂಕರಮ್ಮನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಹೊಸದಾಗಿ ಮಗ್ಗಕ್ಕೆ ಕೂತವರು ಇಳಿಸಿದ ಮೊದಲ ಬಟ್ಟೆಗೆ ಕತ್ತರಿ ಸೋಕಬಾರದು. ಮಗ್ಗದಿಂದ ಬಿಡಿಸುವಾಗ ಹಾಸಿನ ಎಳೆ ಕೊಯ್ಯುತ್ತಾರಲ್ಲ, ಅಷ್ಟೇ. ಆಮೇಲೆ ಅದನ್ನು ಅಮ್ಮನವರ ಪಟದ ಮುಂದಿಟ್ಟು, ಮನೆಯ ಮಗುವಿಗೆ ಒಂದು ಶುಭಕಾರ್ಯದಲ್ಲಿ ಇಡಿಯಾಗಿ ಉಡಿಸಬೇಕು. ಅಪ್ಪಿತಪ್ಪಿ ಕತ್ತರಿ ಬಿತ್ತೋ, ಮಗ್ಗ ಮುನಿಸಿಕೊಳ್ಳುತ್ತದೆ. ನೇಯ್ದವರು ವರ್ಷಪೂರ್ತಿ ಮಗ್ಗದ ಗುಂಡಿಗೆ ಕಾಲಿಡುವಂತಿಲ್ಲ. ಯಾರು ಮಾಡಿದ ಕಾನೂನೋ ಏನೋ, ಆದರೆ ಬನಶಂಕರಮ್ಮ ಒಂದು ಮಾತು ಹೇಳಿದರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ.

ಅವರ ಗಂಡ ಶ್ರೀರಾಮುಲು ತೀರಿಕೊಂಡ ಮೇಲೆ ಮಗ್ಗ ಧೂಳು ತಿನ್ನುತ್ತಾ ಕೂತಿತ್ತು. ಮಗ ಭಾನುಪ್ರಕಾಶ್‌ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಜವಳಿ ಅಂಗಡಿಯಲ್ಲಿ ಕೆಲಸ, ನೇಯ್ಗೆಯ ಗೊಡವೆಯೇ ಬೇಡ ಅಂದುಬಿಟ್ಟಿದ್ದ. ಗೊಡವೆಗೆ ಬಿದ್ದವಳು ಸೊಸೆ ರಮ್ಯಾ. ಹಿಂದೂಪುರದ ಹುಡುಗಿ, ನೇಕಾರರ ಮನೆತನವೇ, ಆದರೆ ಅಪ್ಪನ ಕಾಲಕ್ಕೇ ಮಗ್ಗ ಹೋಗಿ ಅಂಗಡಿ ಬಂದಿತ್ತು. ಮದುವೆಯಾಗಿ ಬಂದ ಏಳನೇ ವರ್ಷಕ್ಕೆ ಅತ್ತೆಯ ಬೆನ್ನುಬಿದ್ದು, ಕಾಡಿ ಬೇಡಿ, ಮಗ್ಗಕ್ಕೆ ಕೂತಳು. ಕೂತವಳಿಗೆ ಏಳುವ ಮನಸ್ಸೇ ಬರಲಿಲ್ಲ ನೋಡಿ! ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗಿ ಬರುವಾಗ ಅವಳಿಗೆ ಬೇರೆ ಯಾವ ಯೋಚನೆಯೂ ಇರುತ್ತಿರಲಿಲ್ಲ. ತನ್ನದು ಅಂತ ಏನಾದರೂ ಇದ್ದರೆ ಅದು ಈ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಹೊತ್ತು ಅಂತ ಅವಳಿಗೆ ಅನ್ನಿಸಿಬಿಟ್ಟಿತ್ತು.

ಅಂತೂ ಮೊದಲ ಬಟ್ಟೆ ಇಳಿಯಿತು. ಅರಿಶಿನ ಬಣ್ಣದ ಹತ್ತಿ ಬಟ್ಟೆ, ಎರಡೂ ಅಂಚಿಗೆ ಕೆಂಪು ಕರೆ. ನಾಲ್ಕು ಮೊಳ ಉದ್ದ, ಎರಡು ಮೊಳ ಪನ್ನ. ಮಗಳು ಶ್ರೀವಾಣಿಗೆ ಕಿವಿ ಚುಚ್ಚಿಸುವ ದಿನ ಉಡಿಸುವುದೆಂದು ಗೊತ್ತಾಯಿತು. ಶ್ರೀವಾಣಿಗೆ ಐದು ವರ್ಷ. ಸುತ್ತಿ ಉಡಿಸಿ ನೋಡಿದರೆ ಅವಳು ಅಂಗಳಕ್ಕೆ ಓಡಿದಳು, ಬಟ್ಟೆ ಹೊಸ್ತಿಲಲ್ಲೇ ಉಳಿಯಿತು.

"ನಂಗೆ ಫ್ರಾಕೇ ಬೇಕು," ಅಂದಳು ಮಗು, ಚಡ್ಡಿಯಲ್ಲಿ ನಿಂತುಕೊಂಡು.

"ಫ್ರಾಕು ಅಂದ್ರೆ ಕತ್ತರ್ಸಬೇಕಲ್ಲಮ್ಮ," ಅಂದರು ಬನಶಂಕರಮ್ಮ.

"ಕತ್ತರಿ ಇಲ್ದಂಗೆ ಹೊಲಿಸ್ಕೊಂಡ್ ಬತ್ತೀನಿ ಅತ್ತೆ. ನನ್ನ ಮಾತು," ಅಂತ ರಮ್ಯಾ ಹಿಂದೆಮುಂದೆ ನೋಡದೆ ಹೇಳಿಬಿಟ್ಟಳು.

ಅತ್ತೆ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ನಿನ್ ಮಾತು ಅಂದ್ಮೇಲೆ ನಿನ್ ಮ್ಯಾಲೇ ಕಣಮ್ಮ. ಕತ್ತರಿ ಬಿದ್ರೆ ನಾನು ಸುಮ್ಕೆ ಇರಾಕಿಲ್ಲ. ಒಂದು ವರ್ಸ ಮಗ್ಗ ಮುಚ್ತೀನಿ," ಅಂದರು.

ರಮ್ಯಾ ಬಟ್ಟೆಯನ್ನು ಎದೆಗವಚಿಕೊಂಡು ಹಿಂದೂಪುರದ ಬಸ್ಸು ಹತ್ತಿದಳು. ಅಲ್ಲಿ ಪ್ರಮೀಳಾ ಇದ್ದಳು, ಚಿಕ್ಕಂದಿನ ಗೆಳತಿ. ಪರಿಗಿಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಮಕ್ಕಳ ಬಟ್ಟೆಯ ಸ್ಯಾಂಪಲ್ ಹೊಲಿಯುತ್ತಿದ್ದವಳು, ಈಗ ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಿಷನ್ ಇಟ್ಟುಕೊಂಡು ಸ್ವಂತ ಅಂಗಡಿ ಮಾಡಿದ್ದಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಮೂಗಿನ ತುದಿಯಲ್ಲೇ ಕೋಪ.

ವಿಷಯ ಕೇಳಿ ಅವಳು ನಕ್ಕುಬಿಟ್ಟಳು. "ಅಷ್ಟೇನಾ? ಅಲ್ಲ ಕಣೇ, ಬಟ್ಟೆ ಯಾಕೆ ಕತ್ತರಿಸ್ತಾರೆ? ಅಗಲ ಇರೋದ್ನ ಮೈಗೆ ತಕ್ಕಂಗೆ ಚಿಕ್ಕದು ಮಾಡಾಕೆ. ಮಡಿಸಿ ಚಿಕ್ಕದು ಮಾಡಿದ್ರೆ ಬ್ಯಾಡ ಅಂತದಾ ನಿಮ್ ಮಗ್ಗ?"

ಅವಳು ಹಳೇ ಪೇಪರ್ ಒಂದನ್ನು ಎಳೆದುಕೊಂಡು ಮಡಿಸತೊಡಗಿದಳು. ಒಂದೇ ದಿಕ್ಕಿಗೆ ಮುಖ ಮಾಡಿ ಒಂದರ ಪಕ್ಕ ಒಂದು ಮಲಗಿದ ನೆರಿಗೆಗಳು, ಅಂಚು ಚೂಪಾಗಿ, ಮಕ್ಕಳ ಸ್ಕೂಲ್ ಸ್ಕರ್ಟಿನಲ್ಲಿ ಇರುತ್ತವಲ್ಲ ಹಾಗೆ. "ಇದು ನೈಫ್ ಪ್ಲೀಟ್. ಇದನ್ನೇ ಜೋಡಿ ಮಾಡಿ ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ತಿರುಗ್ಸು, ಒಳಗೆ ಎರಡೂ ತುದಿ ಬಂದು ಮುಟ್ಲಿ. ಮ್ಯಾಲೆ ಅಗಲವಾಗಿ ಪಟ್ಟಿ ನಿಂತ್ಕಂತದೆ ನೋಡು, ಇದು ಬಾಕ್ಸ್ ಪ್ಲೀಟ್. ಎರಡೂವೆ ಪೂರ್ತಿ ಹಿಡಿದ್ರೆ ಮೂರು ಇಂಚು ನುಂಗಿ ಒಂದು ಇಂಚು ತೋರಿಸ್ತಾವೆ. ಒಂದು ಪದರ ಮ್ಯಾಲೆ, ಎರಡು ಪದರ ಅದರ ಅಡೀಲಿ."

"ಎದೆಗೆ?"

"ಎದೆಗೆ ಸ್ಮಾಕಿಂಗ್," ಅಂದ ಪ್ರಮೀಳಾ ಗೋಡೆಗೆ ನೇತುಹಾಕಿದ್ದ ಪುಟ್ಟ ಫ್ರಾಕೊಂದನ್ನು ತೆಗೆದು ರಮ್ಯಾಳ ಕೈಗಿಟ್ಟಳು. ಎದೆಯ ಭಾಗವೆಲ್ಲ ಜೇನುಗೂಡಿನ ಕಣ್ಣುಗಳಾಗಿತ್ತು. ಬಟ್ಟೆಯ ಮೇಲೆ ಸಾಲುಸಾಲಾಗಿ ಚುಕ್ಕಿ ಇಟ್ಟು, ಚುಕ್ಕಿಚುಕ್ಕಿಗೂ ದಾರ ಹಾಯಿಸಿ, ಎಲ್ಲ ಸಾಲಿನ ದಾರವನ್ನೂ ಒಟ್ಟಿಗೆ ಎಳೆದರೆ ಬಟ್ಟೆ ಸಣ್ಣಸಣ್ಣ ಏಣುಗಳಾಗಿ ಎದ್ದು ನಿಲ್ಲುತ್ತದಂತೆ. ಪಕ್ಕಪಕ್ಕದ ಎರಡು ಏಣನ್ನು ಸೇರಿಸಿ ಒಂದು ಹೊಲಿಗೆ, ಕೆಳಗಿನ ಸಾಲಿನಲ್ಲಿ ಜೊತೆ ಬದಲಾಯಿಸಿ ಇನ್ನೊಂದು ಹೊಲಿಗೆ. ಕೊನೆಗೆ ಮೊದಲಿನ ದಾರ ಎಳೆದು ತೆಗೆದರಾಯಿತು, ಗೂಡು ಮಾತ್ರ ಉಳಿಯುತ್ತದೆ. ರಮ್ಯಾ ಎರಡು ಕೈಯಲ್ಲಿ ಹಿಡಿದು ಎಳೆದಳು. ಅದು ಹಿಗ್ಗಿತು. ಬಿಟ್ಟಳು, ಮತ್ತೆ ಕುಗ್ಗಿತು. ಒಳಗೆ ಎಲಾಸ್ಟಿಕ್ಕಿನ ಸುಳಿವೇ ಇರಲಿಲ್ಲ.

"ಇದೂ ಸುಮಾರು ಮೂರಕ್ಕೆ ಒಂದು," ಅಂದಳು ಪ್ರಮೀಳಾ. "ನಿನ್ ನಾಲ್ಕು ಮೊಳ ಅಂದ್ರೆ ಎಪ್ಪತ್ತೆರಡು ಇಂಚು. ಮೂರರಲ್ಲಿ ಒಂದು ಪಾಲು ಇಪ್ಪತ್ನಾಲ್ಕು. ನಿನ್ ಮಗಳ ಎದೆ ಇಪ್ಪತ್ತೆರಡು. ಆ ಮಗ್ಗಕ್ಕೆ ಮೊದ್ಲೇ ಗೊತ್ತಿತ್ತೇನೋ! ಭುಜಕ್ಕೆ ಕೆಂಪು ಲಾಡಿ ನಾನು ಬ್ಯಾರೆ ಹಾಕ್ತೀನಿ. ಹೋಗು, ನೆಮ್ಮದಿಯಾಗಿ ಊಟ ಮಾಡಿ ಬಸ್ ಹತ್ತು."

ರಮ್ಯಾ ನೆಮ್ಮದಿಯಾಗಿಯೇ ಬಂದಳು. ಹದಿನೈದು ದಿನ ಕಳೆದು, ಕಿವಿ ಚುಚ್ಚುವ ಹಿಂದಿನ ಸಂಜೆ ಅವಳ ತಮ್ಮ ಯೋಗೇಶ್ ಹಿಂದೂಪುರದಿಂದ ಬಂದ. ಸೋದರಮಾವನ ತೊಡೆಯ ಮೇಲೆ ಕೂರಿಸಿಯಲ್ಲವೇ ಮಗುವಿಗೆ ಕಿವಿ ಚುಚ್ಚುವುದು? ಪ್ರಮೀಳಾ ಕೊಟ್ಟ ಕವರನ್ನು ಅಕ್ಕನ ಕೈಗಿಟ್ಟು, ಬಸ್ಸಿನ ಧೂಳು ತೊಳೆದುಕೊಳ್ಳಲು ಬಚ್ಚಲಿಗೆ ನಡೆದ. ಅತ್ತೆ ಹಿತ್ತಲಲ್ಲಿದ್ದರು. ರಮ್ಯಾ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಕವರು ಬಿಚ್ಚಿದಳು.

ಅಬ್ಬಾ, ಎಂಥ ಚೆಂದವಾಗಿತ್ತು! ಎದೆಯ ಮುಂದೆ ಜೇನುಗೂಡು, ಮೇಲಿನ ಕೆಂಪು ಕರೆ ಒಡೆದು ಚುಕ್ಕಿಚುಕ್ಕಿ ಕುಂಕುಮವಾಗಿತ್ತು. ಎರಡು ಪಕ್ಕದಲ್ಲಿ ನೈಫ್ ಪ್ಲೀಟು, ಬೆನ್ನಿಗೆ ಬಾಕ್ಸ್ ಪ್ಲೀಟು. ಎಲ್ಲವನ್ನೂ ಎದೆಯ ಹತ್ತಿರ ಒಂದು ಗೇಣು ಹೊಲಿದು, ಅಲ್ಲಿಂದ ಕೆಳಗೆ ಬಿಟ್ಟುಬಿಟ್ಟಿದ್ದಳು. ಬಿಟ್ಟಲ್ಲಿಂದ ಬಟ್ಟೆ ಸುತ್ತಲೂ ಹರಡಿಕೊಂಡಿತ್ತು.

ಆದರೆ ಫ್ರಾಕು ಇಷ್ಟೇ ಇಷ್ಟಿತ್ತು. ಅಷ್ಟು ದೊಡ್ಡ ಬಟ್ಟೆ ಇಷ್ಟಕ್ಕೆ ಬಂತೇ? ಕೆಳಗಿನ ಅಂಚನ್ನು ಹಾಸಿಗೆಯ ಮೇಲೆ ಹರಡಿ ಗೇಣು ಹಾಕಿದಳು. ಎಂಟು ಗೇಣು, ಅಂದರೆ ನಾಲ್ಕು ಮೊಳ. ಸದ್ಯ! ನೆರಿಗೆ ನುಂಗಿದ್ದೆಲ್ಲ ಕೆಳಗೆ ಸರಿಯಾಗಿ ಸಿಕ್ಕಿತು. ಉಸಿರುಬಿಟ್ಟು, ಸುಮ್ಮನಿರಲಾರದೆ, ಮೇಲಿಂದ ಕೆಳಕ್ಕೂ ಗೇಣು ಹಾಕಿದಳು.

ಮೂರೇ ಗೇಣು.

ಮಗ್ಗದ ಪನ್ನ ಎರಡು ಮೊಳ, ನಾಲ್ಕು ಗೇಣು. ಅದು ಹೆಚ್ಚುಕಮ್ಮಿ ಆಗುವ ಮಾತೇ ಇಲ್ಲ. ಒಂದು ಗೇಣು ಎಲ್ಲಿ ಹೋಯಿತು? ಕತ್ತರಿಸಿದ್ದರೆ ಒಂದು ಕರೆ ಹೋಗಿರಬೇಕಿತ್ತು. ನೋಡಿದರೆ ಮೇಲಿನ ಕರೆ ಮೇಲಿತ್ತು, ಕೆಳಗಿನದು ಕೆಳಗಿತ್ತು. ಹಾಗಾದರೆ ನಡುವೆ ಕತ್ತರಿಸಿ ಕೂಡಿಸಿದ್ದಾಳೆಯೇ? ಒಳಗೂ ಹೊರಗೂ ತಿರುಗಿಸಿ ನೋಡಿದಳು, ಬೆನ್ನಲ್ಲಿ ಎರಡು ತುದಿ ಸೇರಿದ ಜಾಗ ಬಿಟ್ಟರೆ ಎಲ್ಲೂ ಜೋಡು ಕಾಣಲಿಲ್ಲ. ಆಗ ಅವಳ ಕಣ್ಣಿಗೆ ಬಿದ್ದದ್ದು ಫ್ರಾಕಿನ ಕೆಳಭಾಗದ ಗೆರೆಗಳು. ಅಂಚಿಗೆ ಸಮವಾಗಿ, ಸುತ್ತಲೂ, ಸಣ್ಣಗೆ ಉಬ್ಬಿದ ಗೆರೆಗಳು, ಮೂರು ಗುಂಪಾಗಿ. ಹಾಸಿನಲ್ಲಿ ದಪ್ಪ ನೂಲು ಸೇರಿಸಿ ನೇಯ್ದರೆ ಬಟ್ಟೆಯಲ್ಲಿ ಹೀಗೇ ಗೆರೆ ಏಳುತ್ತದೆ. ಅವಳೋ ಒಂದೇ ನಂಬರಿನ ನೂಲಲ್ಲಿ ನುಣ್ಣಗೆ ನೇಯ್ದಿದ್ದಳು. ಅವಳ ಬಟ್ಟೆಯಲ್ಲಿ ಗೆರೆಯೇ ಇರಲಿಲ್ಲ.

ಇದು ನನ್ನ ಬಟ್ಟೆಯೇ ಅಲ್ಲ!

ನೇಕಾರರ ಬುದ್ಧಿ ನೋಡಿ. ಗೆರೆ ಕಂಡರೆ ನೂಲು ಅನ್ನುತ್ತದೆ, ಸೂಜಿ ಅನ್ನುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಉಗುರಲ್ಲಿ ಒಮ್ಮೆ ಕೆರೆದು ನೋಡುತ್ತಿದ್ದರು. ರಮ್ಯಾ ನೋಡಲಿಲ್ಲ. ಬಟ್ಟೆ ಹಾಳು ಮಾಡಿಕೊಂಡು, ಅದೇ ಬಣ್ಣದ ಸಣ್ಣ ಪನ್ನದ ಬೇರೆ ಬಟ್ಟೆ ತಂದು ಹೊಲಿದು ಕಳಿಸಿದ್ದಾಳೆ ಅಂತ ತೀರ್ಮಾನಿಸಿ ಫೋನು ಒತ್ತಿದಳು.

"ಹೆಂಗದೆ ಫ್ರಾಕು?" ಅಂದಳು ಪ್ರಮೀಳಾ ಆ ಕಡೆಯಿಂದ, ಹಿಗ್ಗಿ ಹೀರೇಕಾಯಾಗಿ.

"ನನ್ ಬಟ್ಟೆ ಏನ್ ಮಾಡಿದ್ಯೇ? ಇದನ್ನ ಎಲ್ಲಿಂದ ತಂದೆ?"

ಆ ಕಡೆ ಮಿಷನ್ ಸದ್ದು ನಿಂತಿತು. "ಏನಂದೆ?"

"ಬದಲಾಯಿಸಿದ್ಯಾ? ನಿಜ ಹೇಳ್ಬುಡು."

"ಲೇ ರಮ್ಯಾ," ಪ್ರಮೀಳಾ ದನಿ ಏರಿಸಿದಳು, "ಸೋಮಂದೇಪಲ್ಲಿಯೋರ ಮದುವೆ ಬ್ಲೌಸೆಲ್ಲ ಪಕ್ಕಕ್ಕೆ ಒಗೆದು ಹದಿನೈದು ದಿವ್ಸ ಇದರ ಮುಂದೆ ಕೂತಿದ್ನಲ್ಲೇ! ನೀನೇ ನೇಯ್ದಿದ್ದು ನಿಂಗೇ ಗುರ್ತು ಹತ್ತಲ್ಲ ಅಂದ್ರೆ ನಾನೇನೇ ಹೇಳ್ಲಿ? ಇಟ್ಬುಡು ಫೋನು!" ಅಂತ ತಾನೇ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ರಮ್ಯಾ ಹಾಸಿಗೆಯ ಮೇಲೆ ಕುಸಿದಳು. ಮಗ್ಗ ಇನ್ನೊಂದು ವರ್ಷ ಮುಚ್ಚಿದಂತೆಯೇ. ಒಂದು ವರ್ಷ ಅನ್ನುವುದು ಮಾತಿಗೆ. ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆಗೆಸಲು ಇನ್ನೆಷ್ಟು ಕಾಡಬೇಕೋ. ಫ್ರಾಕು ತೊಡಿಸಿ ಸುಮ್ಮನಿದ್ದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಈ ಆಸೆ ಅವಳಿಗೆ ಬಂದದ್ದು ಸುಳ್ಳಲ್ಲ. ಆದರೆ ಬೇರೆ ಬಟ್ಟೆ ಉಡಿಸಿ ಅಮ್ಮನವರ ಮುಂದೆ ನನ್ನದೇ ಅಂತ ಕೈಮುಗಿಯುವುದು ಅವಳ ಕೈಲಿ ಆಗುವಂತಿರಲಿಲ್ಲ. ಅಳು ಒತ್ತಿಕೊಂಡು ಬಂತು.

"ರಮ್ಯಾ, ಬಂತೇನಮ್ಮ ಅದು? ಏದೀ, ಚೂಪಿಂಚು, ತೋರ್ಸು ನೋಡಾನ," ಅಂತ ಬನಶಂಕರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಸೊಸೆಯ ಮುಖ ನೋಡಿ ನಿಂತರು. "ಏನಾಯ್ತು?"

ರಮ್ಯಾ ಎಲ್ಲ ಹೇಳಿಬಿಟ್ಟಳು. ಗೇಣು ಹಾಕಿದ್ದು, ಒಂದು ಗೇಣು ಕಮ್ಮಿ ಬಂದದ್ದು, ಗೆರೆ ಇದ್ದದ್ದು, ಪ್ರಮೀಳಾ ಫೋನಿಟ್ಟದ್ದು. "ಇದು ನಮ್ ಬಟ್ಟೆ ಅಲ್ಲ ಅತ್ತೆ. ನನ್ನಿಂದ್ಲೇ ಹೋಯ್ತು. ನಾಳೆಯಿಂದ ನಾನು ಗುಂಡಿಗೆ ಇಳಿಯಾಕಿಲ್ಲ," ಅಂತ ಅತ್ತೇಬಿಟ್ಟಳು.

ಬನಶಂಕರಮ್ಮ ಫ್ರಾಕನ್ನು ಎತ್ತಿಕೊಂಡು ಹೊರಬಾಗಿಲಿಗೆ ನಡೆದರು. ಅಲ್ಲಿ ಇನ್ನೂ ಬೆಳಕಿತ್ತು. ಹೊಸ್ತಿಲ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಕೆಳಗಿನ ಕೆಂಪು ಕರೆಯ ಉದ್ದಕ್ಕೂ ಹೆಬ್ಬೆಟ್ಟು ಆಡಿಸುತ್ತಾ ಹೋದರು. ರಮ್ಯಾ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅರ್ಧದಷ್ಟು ಹೋದಾಗ ಮುದುಕಿಯ ಹೆಬ್ಬೆಟ್ಟು ನಿಂತಿತು.

"ಇಲ್ ಬಾ," ಅಂದರು. "ಈ ಅಂಚು ನೋಡು. ಇಲ್ಲಿ ಒಳಕ್ಕೆ ಎಳ್ಕಂಡದೆ, ಇಲ್ಲಿ ಹೊರಕ್ಕೆ ಬಂದ್ಬುಟ್ಟದೆ, ಮತ್ತೆ ಒಳಕ್ಕೆ. ಲಾಳಿ ಬಿಟ್ಟಾಗ ದಾರ ಒಂದ್ಸಲ ಬಿಗಿ, ಒಂದ್ಸಲ ಸಡ್ಲ. ಇಂಥಾ ಹಾಳು ಅಂಚು ಈ ಸೀಮೇಲಿ ಇನ್ಯಾವಳು ನೇಯ್ತಾಳೆ? ಇದು ನಿಂದೇ ಕಣಮ್ಮ!"

ಬೈಗುಳ ಕೇಳಿ ಯಾರಿಗಾದರೂ ಇಷ್ಟು ಸಂತೋಷವಾದದ್ದುಂಟೇ? ರಮ್ಯಾ ದಡಕ್ಕನೆ ಪಕ್ಕದಲ್ಲಿ ಕೂತಳು. ಹೌದು, ಅದು ಅವಳದೇ ಅಂಚು. ಆ ಒಳಕ್ಕೆಳೆದ ಜಾಗ ನೇಯುವಾಗ ಬಿದ್ದ ಬೈಗುಳವೂ ನೆನಪಿಗೆ ಬಂತು. ಮರುಕ್ಷಣವೇ ಕೇಳಿದಳು: "ಬಟ್ಟೆ ನಮ್ದೇ ಆದ್ರೆ ಆ ಒಂದು ಗೇಣು?"

"ಅದೇ ನಾನೂ ನೋಡ್ತಿವ್ನಿ," ಅಂದರು ಬನಶಂಕರಮ್ಮ. ಅವರ ಬೆರಳು ಅಂಚಿನಿಂದ ಮೇಲಕ್ಕೆ ಹತ್ತಿ ಮೊದಲ ಗೆರೆಗೆ ತಾಗಿತು. ಎರಡು ಬೆರಳಲ್ಲಿ ಅದನ್ನು ಹಿಡಿದು ಅತ್ತಿತ್ತ ಹೊಸೆದರು. ಗೆರೆ ಒಂದು ಪಕ್ಕಕ್ಕೆ ಮಲಗಿತು, ಮತ್ತೆ ಇನ್ನೊಂದು ಪಕ್ಕಕ್ಕೆ ಮಲಗಿತು. "ನೂಲಾದ್ರೆ ಹಿಂಗೆ ಮಗ್ಗುಲು ಬದಲಾಯಿಸ್ತದಾ? ಒಂದು ಸೂಜಿ ತಗಂಬಾ, ಓಡು."

ರಮ್ಯಾ ಓಡಿ ಸೂಜಿ ತಂದಳು. ಮುದುಕಿ ಗೆರೆಯ ಬುಡದಲ್ಲಿ ಸೂಜಿ ತೂರಿಸಿ ಸಣ್ಣ ಹೊಲಿಗೆಯೊಂದನ್ನು ಎತ್ತಿದರು. ಇನ್ನೊಂದು, ಮತ್ತೊಂದು. ಬೆರಳಿನಷ್ಟು ಉದ್ದಕ್ಕೆ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಎರಡೂ ಕಡೆ ಎಳೆದರು. ಅಷ್ಟು ಜಾಗದಲ್ಲಿ ಗೆರೆ ಮಾಯವಾಯಿತು. ಅದು ನೂಲೂ ಅಲ್ಲ, ಗೀಲೂ ಅಲ್ಲ. ಬಟ್ಟೆಯನ್ನೇ ಅಕ್ಕಿಕಾಳಿನ ಅಗಲಕ್ಕೆ ಮಡಿಸಿ, ಮಡಿಕೆಯ ಪಕ್ಕದಲ್ಲೇ ಹೊಲಿಗೆ ಓಡಿಸಿದ್ದು. ಬಿಚ್ಚಿದ ಕಡೆ ಹೊಳೆಯುವ ಹಳದಿ ಬಟ್ಟೆ ಕಾಲು ಇಂಚು ಹೊರಗೆ ಬಂದು ಸೂಜಿಯ ತೂತುಗಳ ಎರಡು ಸಾಲು ತೋರಿಸಿತು.

"ಅಯ್ಯೋ ನನ್ನವ್ವಾ!" ಬನಶಂಕರಮ್ಮ ಹಣೆ ಚಚ್ಚಿಕೊಂಡು ನಗತೊಡಗಿದರು. "ಟಕ್ಕು ಕಣೇ ಇದು! ನಾನು ಲಂಗ ಉಡೋವಾಗ ನಮ್ಮವ್ವ ದಪ್ಪದಪ್ಪಕ್ಕೆ ಎರಡು ಹಿಡಿಸೋಳು, ನಾನು ಬೆಳ್ದಂಗೆ ಉಗಾದಿ ಬಂದಾಗ ಒಂದು ಬಿಚ್ಚೋಳು. ಇವ್ಳು ನೋಡು, ಕೂದ್ಲೆಳೆ ಹಂಗೆ ಹಿಡಿದವ್ಳೆ. ನನ್ ಕಣ್ಣಿಗೂ ಮೋಸ ಮಾಡ್ಬುಟ್ಲಲ್ಲ!"

ರಮ್ಯಾ ಎಣಿಸಿದಳು. ಒಂದು ಗುಂಪಿನಲ್ಲಿ ಹನ್ನೆರಡು ಟಕ್ಕು. ಒಂದೊಂದು ಕಾಲು ಇಂಚು ನುಂಗಿದರೆ ಗುಂಪಿಗೆ ಮೂರು ಇಂಚು. ಮೂರು ಗುಂಪಿಗೆ ಒಂಬತ್ತು. ಒಂಬತ್ತು ಇಂಚೆಂದರೆ ಸರಿಯಾಗಿ ಒಂದು ಗೇಣು! ನೆರಿಗೆ ನುಂಗಿದ್ದನ್ನು ಕೆಳಗೆ ಉಗುಳಿಬಿಡುತ್ತದೆ, ಹರಡಿದರೆ ಲೆಕ್ಕ ಸಿಗುತ್ತದೆ. ಈ ಟಕ್ಕು ಉಗುಳುವ ಪೈಕಿಯಲ್ಲ, ಹೊಲಿಗೆ ಬಿಚ್ಚುವ ತನಕ ಬಾಯಿ ಬಿಡುವುದಿಲ್ಲ. ಅವಳು ಫ್ರಾಕಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಳುತ್ತಲೇ ನಕ್ಕಳು. ಒಂದು ಗುಡ್ಡ ಎದೆಯ ಮೇಲಿಂದ ಇಳಿದ ಹಾಗಾಗಿತ್ತು.

"ಬಟ್ಟೆ ಮ್ಯಾಲೆ ಕಣ್ಣೀರು ಹಾಕ್ಬ್ಯಾಡ, ಇಸ್ತ್ರಿ ಕೆಡ್ತದೆ," ಅಂತ ಮುದುಕಿ ಅದನ್ನು ಕಿತ್ತುಕೊಂಡರು. "ಮೊದ್ಲು ಆ ಹುಡುಗಿಗೆ ಫೋನ್ ಮಾಡು."

ಪ್ರಮೀಳಾ ಎತ್ತಲಿಲ್ಲ. ಮೂರು ಸಲ ಮಾಡಿದರೂ ಎತ್ತಲಿಲ್ಲ. ಕೊನೆಗೆ ಯೋಗೇಶನ ಫೋನಿನಿಂದ ಮಾಡಿದಾಗ ಎತ್ತಿದಳು. "ನನ್ ತಪ್ಪು ಕಣೇ, ಬೈದ್ಬುಡು, ಎಷ್ಟು ಬೇಕಾದ್ರೂ ಬೈದ್ಬುಡು," ಅಂದಳು ರಮ್ಯಾ.

ಪ್ರಮೀಳಾ ಬಿಟ್ಟಾಳೆಯೇ? ಮನಸ್ಸು ತಣ್ಣಗಾಗುವ ತನಕ ಬೈದಳು. ಆಮೇಲೆ ಮೂಗೆಳೆದುಕೊಂಡು ಹೇಳಿದಳು: "ನಾಲ್ಕು ಗೇಣು ಬಿಟ್ರೆ ಮಗು ಕಾಲಿಗೆ ತೊಡ್ರಿ ಬೀಳ್ತದೆ ಕಣೇ. ಕತ್ತರ್ಸಂಗಿಲ್ಲ, ಒಳಕ್ಕೆ ಮಡಿಸಿದ್ರೆ ಕರೆ ಮುಚ್ಚೋಯ್ತದೆ. ಅದಕ್ಕೆ ಪಿನ್ ಟಕ್ಕು. ನೆರಿಗೆ ಹಿಡಿಯೋಕೆ ಮುಂಚೆ, ಬಟ್ಟೆ ಚಪ್ಪಟೆಯಾಗಿರೋವಾಗ್ಲೇ ಅಷ್ಟೂ ಹಾಕ್ದೆ. ಹೇಳೋದು ಮರ್ತೆ. ನೋಡಿದ್ರೆ ಗೊತ್ತಾಗ್ತದೆ ಅಂದ್ಕೊಂಡೆ, ನೇಕಾರ್ತಿ ಅಲ್ವಾ ನೀನು!"

"ನೇಕಾರ್ತಿ ಆಗಿದ್ದಕ್ಕೇ ಗೊತ್ತಾಗ್ಲಿಲ್ಲ," ಅಂದಳು ರಮ್ಯಾ.

ಬಿಚ್ಚಿದ ಹೊಲಿಗೆಯನ್ನು ಬನಶಂಕರಮ್ಮ ಅಲ್ಲೇ ಕೂತು ಕೈಯಲ್ಲೇ ಹಾಕಿದರು. ಮಿಷನ್ ಹೊಲಿಗೆಯ ನಡುವೆ ಅದು ಸ್ವಲ್ಪ ಸೊಟ್ಟಗೆ ಕಾಣುತ್ತಿತ್ತು. ಅದನ್ನು ಎತ್ತಿ ತೋರಿಸುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಶ್ರೀವಾಣಿ ಫ್ರಾಕು ತೊಟ್ಟು ಒಂದು ಸುತ್ತು ತಿರುಗಿದಳು. ಬೆನ್ನಿನ ಪಟ್ಟಿಗಳು ಬಿರಿದು ಒಳಗಿನ ಪದರಗಳು ಹೊರಗೆ ಬಂದವು, ಪಕ್ಕದ ನೆರಿಗೆಗಳು ಬೀಸಣಿಗೆಯ ಹಾಗೆ ಬಿಚ್ಚಿದವು. ಟಕ್ಕುಗಳ ಗಡುಸಿಗೆ ಕೆಳಗಿನ ಅಂಚು ಕಾಲಿಗೆ ಅಂಟಿಕೊಳ್ಳದೆ ದೂರ ನಿಂತಿತು. ನಿಂತ ಕೂಡಲೇ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕೂತವು. ಅಮ್ಮನವರ ಪಟಕ್ಕೆ ಕೈಮುಗಿಸಿ, ಯೋಗೇಶನ ತೊಡೆಯ ಮೇಲೆ ಕೂರಿಸಿದರು. ಅಕ್ಕಸಾಲಿ ಮುನೆಪ್ಪ ಕಿವಿ ಚುಚ್ಚಿದ. ಮಗು ಕೇರಿಯೇ ಕಿತ್ತುಹೋಗುವಂತೆ ಕಿರುಚಿತು. ಬಿಕ್ಕಿದಾಗಲೆಲ್ಲ ಎದೆಯ ಜೇನುಗೂಡು ಹಿಗ್ಗಿ ಉಸಿರಿಗೆ ಜಾಗ ಕೊಡುತ್ತಿತ್ತು, ಮತ್ತೆ ಮೈಗೆ ಬಂದು ಅಂಟುತ್ತಿತ್ತು. ಬೆಲ್ಲ ಬಾಯಿಗೆ ಬಿದ್ದ ಮೇಲೆ ಅಳು ನಿಂತಿತು.

ಊಟ ಮುಗಿದು ನೆಂಟರು ಹೊರಟ ಮೇಲೆ ರಮ್ಯಾ ಪಾತ್ರೆ ಎತ್ತುತ್ತಿದ್ದಳು. ಮಗ್ಗದ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. ಬನಶಂಕರಮ್ಮ ಮೊಮ್ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡು, ಗುಂಡಿಯ ದಡದ ಮೇಲೆ ಕೂತು, ಫೋನಿನಲ್ಲಿ ಪ್ರಮೀಳಾ ಜೊತೆ ಮಾತಾಡುತ್ತಿದ್ದರು. ಹೊಗಳಿ ಗೊತ್ತಿಲ್ಲದ ಬಾಯಿ, ಅದಕ್ಕೇ ಜೋರಾಗಿ, ಬೈಯುವ ದನಿಯಲ್ಲೇ ಹೊಗಳುತ್ತಿದ್ದರು.

"ಬಲು ಚೆನ್ನಾಗದೆ ಬಿಡಮ್ಮ. ಸೋಮವಾರ ನಮ್ ರಮ್ಯಾ ಮತ್ತೆ ಹಾಸು ಏರಿಸ್ತಾಳೆ. ಇಳಿಸಿದ ತಕ್ಷಣ ನಿಂಗೇ ಕಳಿಸ್ತೀನಿ." ಒಂದು ಗಳಿಗೆ ಆ ಕಡೆಯ ಮಾತು ಕೇಳಿಸಿಕೊಂಡರು. "ಅಯ್ಯೋ, ಅದಕ್ಯಾತಕ್ಕಮ್ಮ ಹೆದರ್ತೀಯ? ಕತ್ತರಿ ಬ್ಯಾಡ ಅಂದಿದ್ದು ಹೊಸಬರ ಬಟ್ಟೆಗೆ. ಇವ್ಳು ಇನ್ ಹೊಸಬಳಲ್ಲ. ಎಷ್ಟ್ ಬೇಕೋ ಅಷ್ಟು ಕತ್ತರ್ಸ್ಕೋ."

ರಮ್ಯಾ ಕೈಯಲ್ಲಿದ್ದ ಪಾತ್ರೆಗಳನ್ನು ಅಲ್ಲೇ ಕೆಳಗಿಟ್ಟು, ಗೋಡೆಗೊರಗಿ, ಆ ಮಾತನ್ನು ಇನ್ನೊಮ್ಮೆ ಹೇಳುತ್ತಾರೇನೋ ಅಂತ ಕಾದಳು.